ಕೆಂಪು ಬ್ಯಾಟರಿ ದೀಪ ಹತ್ತಿದರೆ ಇನ್ನೆಷ್ಟು ದೂರ?

ಹಿರೀಸಾವೆ ದಾಟಿ ಹಾಸನದ ಕಡೆ ಹೊರಟಿದ್ದೆವು. ಸಂಜೆ ನಾಲ್ಕು ಗಂಟೆ. ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಹತ್ತಿಕೊಂಡಿತು. ಗಾಡಿ ಮಾತ್ರ ಏನೂ ಆಗದ ಹಾಗೆ ಓಡುತ್ತಲೇ ಇತ್ತು. "ಬ್ಯಾಟರಿ ಹೋದ ವರ್ಷ ತಾನೇ ಹಾಕಿಸಿದ್ದು?" ಎಂದಳು ಹೆಂಡತಿ. ಪಾಪ, ಬ್ಯಾಟರಿಯ ತಪ್ಪು ಇದರಲ್ಲಿ ಇರುವುದೇ ಅಪರೂಪ. ಅದಕ್ಕೆ ಕರೆಂಟ್ ತುಂಬುವ ಆಲ್ಟರ್ನೇಟರ್ ಸುಮ್ಮನಾಗಿದೆ, ಇನ್ನು ಮುಂದೆ ಗಾಡಿ ಓಡುವುದು ಬ್ಯಾಟರಿಯಲ್ಲಿ ಕೂಡಿಟ್ಟ ಕರೆಂಟಿನ ಮೇಲೆ ಎಂದು ಈ ದೀಪ ಹೇಳುತ್ತದೆ.

ಆಲ್ಟರ್ನೇಟರೇ ಕೆಟ್ಟಿದೆಯೋ, ಅದನ್ನು ತಿರುಗಿಸುವ ಬೆಲ್ಟ್ ಕೈಕೊಟ್ಟಿದೆಯೋ ಎಂಬುದನ್ನು ಮೊದಲು ತಿಳಿಯಬೇಕು. ನನ್ನದು ಹಳೆಯ ಪೆಟ್ರೋಲ್ ಗಾಡಿ. ಇಂಥ ಎಷ್ಟೋ ಕಾರುಗಳಲ್ಲಿ ಇಂಜಿನ್ ತಂಪಾಗಿಡುವ ವಾಟರ್ ಪಂಪನ್ನೂ ಅದೇ ಬೆಲ್ಟ್ ತಿರುಗಿಸುತ್ತದೆ. ಬೆಲ್ಟ್ ತುಂಡಾಗಿದ್ದರೆ ಅಥವಾ ಪುಲ್ಲಿಯಿಂದ ಜಾರಿ ಬಿದ್ದಿದ್ದರೆ ಟೆಂಪರೇಚರ್ ಮುಳ್ಳು ಸರಸರ ಏರುತ್ತದೆ. ಆಗ ಒಂದು ಕಿಲೋಮೀಟರನ್ನೂ ಓಡಿಸಬಾರದು, ಇಂಜಿನ್ನೇ ಸೀಜ್ ಆದೀತು. ಬೆಲ್ಟ್ ಬರೀ ಸಡಿಲವಾಗಿದ್ದರೆ ಆಕ್ಸಿಲರೇಟರ್ ತುಳಿದಾಗ ಕೀಚಲು ದನಿ ಬರುತ್ತದೆ, ದೀಪ ಹತ್ತುತ್ತಾ ಆರುತ್ತಾ ಇರುತ್ತದೆ.

ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆರಿಸದೆ ಬಾನೆಟ್ ಎತ್ತಿ ದೂರದಿಂದಲೇ ನೋಡಿದೆ. ಬೆಲ್ಟ್ ಸರಿಯಾಗಿ ತಿರುಗುತ್ತಿತ್ತು, ಮುಳ್ಳೂ ನಡುವಿನಲ್ಲೇ ಇತ್ತು. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಪುಟ್ಟ ವೋಲ್ಟ್ ಮೀಟರ್ 12.2 ತೋರಿಸಿತು. ಓಡುವ ಇಂಜಿನ್ನಿನಲ್ಲಿ ಅದು ಸುಮಾರು 14 ಇರಬೇಕು. ಅಲ್ಲಿಗೆ ಕೆಟ್ಟಿದ್ದು ಆಲ್ಟರ್ನೇಟರ್.

ಇನ್ನು ದೂರದ ಲೆಕ್ಕ. ಸಣ್ಣ ಕಾರಿನ ಬ್ಯಾಟರಿ ಸುಮಾರು 35 ಆಂಪಿಯರ್-ಅವರ್. ಅದರಲ್ಲಿ ಅರ್ಧವನ್ನಷ್ಟೇ ನಂಬಬೇಕು, ಏಕೆಂದರೆ ಪೂರ್ತಿ ಖಾಲಿಯಾಗುವ ಮೊದಲೇ ವೋಲ್ಟೇಜ್ ಕುಸಿದು ಇಂಜಿನ್ ನಿಲ್ಲುತ್ತದೆ. ಪೆಟ್ರೋಲ್ ಪಂಪು, ಇಗ್ನಿಷನ್, ಇಂಜೆಕ್ಟರುಗಳಿಗೇ ಹತ್ತು ಹನ್ನೆರಡು ಆಂಪಿಯರ್ ಬೇಕು. ಅಂದರೆ ಹಗಲಲ್ಲಿ ಒಂದೂವರೆ ಗಂಟೆಗೆ ಸ್ವಲ್ಪ ಕಡಿಮೆ. ಹೆಡ್‌ಲೈಟ್ ಹಾಕಿದರೆ ಇನ್ನೂ ಹತ್ತು ಸೇರಿ ಮುಕ್ಕಾಲು ಗಂಟೆಗೆ ಇಳಿಯುತ್ತದೆ. ಬ್ಯಾಟರಿ ಹಳೆಯದಾದರೆ ಅದರಲ್ಲೂ ಅರ್ಧ. ಇದು ಸಮಯದ ಲೆಕ್ಕವೇ ಹೊರತು ಕಿಲೋಮೀಟರಿನದಲ್ಲ: ಹೆದ್ದಾರಿಯಲ್ಲಿ 50 ಕಿ.ಮೀ. ಸಾಗುವಷ್ಟು ಕರೆಂಟ್ ಊರೊಳಗಿನ ಟ್ರಾಫಿಕ್ಕಿನಲ್ಲಿ ನಿಂತಲ್ಲೇ ಮುಗಿಯಬಹುದು.

ಎ.ಸಿ., ಬ್ಲೋವರ್, ಹಾಡು ಎಲ್ಲ ಆರಿಸಿ ಚನ್ನರಾಯಪಟ್ಟಣದ ಕಡೆ ಹೊರಟೆವು. ಇಂಜಿನ್ ಮಾತ್ರ ಆರಿಸಲಿಲ್ಲ. ಬ್ಯಾಟರಿ ಇಳಿದ ಮೇಲೆ ಆರಿಸಿದರೆ ಮತ್ತೆ ಸ್ಟಾರ್ಟ್ ಆಗುವ ಭರವಸೆಯಿಲ್ಲ. ಇಂಡಿಕೇಟರ್ ಮಂಕಾದರೆ, ಇಂಜಿನ್ ಜಗ್ಗಿದರೆ ಕೂಡಲೇ ರಸ್ತೆ ಬದಿಗೆ ಸರಿಯಬೇಕೆಂದು ನಿರ್ಧರಿಸಿದ್ದೆ. ನಡುರಸ್ತೆಯಲ್ಲಿ ಇಂಜಿನ್ ನಿಂತರೆ ಬ್ರೇಕೂ ಸ್ಟೀರಿಂಗೂ ಗಟ್ಟಿಯಾಗುತ್ತವೆ.

ಅರ್ಧ ಗಂಟೆಯಲ್ಲಿ ಊರು ತಲುಪಿದಾಗ ಮೀಟರ್ 11.9ರಲ್ಲಿತ್ತು. ಆಟೋ ಎಲೆಕ್ಟ್ರಿಷಿಯನ್ ಆಲ್ಟರ್ನೇಟರ್ ಬಿಚ್ಚಿ, ಸವೆದು ಉಗುರಿನಷ್ಟಾಗಿದ್ದ ಎರಡು ಕಾರ್ಬನ್ ಬ್ರಷ್‌ಗಳನ್ನು ನನ್ನ ಅಂಗೈಗೆ ಹಾಕಿದ. ಹೊಸವನ್ನು ಕೂರಿಸಿದ ಮೇಲೆ ಮೀಟರ್ 14.1 ತೋರಿಸಿತು.