ನಿಮಗಿದು ಗೊತ್ತೆ? ತುಪ್ಪದ ದಾರಿಯೇ ಬೇರೆ

ತುಪ್ಪದ ದೋಸೆ ತಿಂದು ಮಾಕಳಿದುರ್ಗದ ಕೋಟೆ ಹತ್ತುತ್ತಿದ್ದೀರಿ ಎನ್ನಿ. ದೋಸೆಯ ಸಕ್ಕರೆ ಅಂಶ ಕರುಳಿನಿಂದ ನೇರವಾಗಿ ರಕ್ತಕ್ಕಿಳಿದು ಮೊದಲು ಯಕೃತ್ತಿಗೆ ಹೋಗುತ್ತದೆ. ತುಪ್ಪದ ಕೊಬ್ಬಿನ ಹೆಚ್ಚಿನ ಭಾಗ ಹಾಗೆ ಹೋಗುವುದಿಲ್ಲ.

ಪಿತ್ತರಸದ ಲವಣಗಳು ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆಯುತ್ತವೆ, ಸೋಪು ಜಿಡ್ಡನ್ನು ಬಿಡಿಸುವಂತೆ. ಮೇದೋಜೀರಕ ಗ್ರಂಥಿಯ ಲೈಪೇಸ್ ಆ ಹನಿಗಳನ್ನು ಕೊಬ್ಬಿನಾಮ್ಲ ಮತ್ತು ಮಾನೋಗ್ಲಿಸರೈಡ್ ಆಗಿ ಕತ್ತರಿಸುತ್ತದೆ. ಇವು ನೀರಿನಲ್ಲಿ ಕರಗವು. ಆದ್ದರಿಂದ ಪಿತ್ತಲವಣಗಳು ಅವನ್ನು ಸುತ್ತುವರಿದು ಮೈಸೆಲ್ ಎಂಬ ಅತಿಸೂಕ್ಷ್ಮ ಗುಂಪುಗಳಾಗಿ ಕರುಳಿನ ಗೋಡೆಯವರೆಗೆ ತಲುಪಿಸುತ್ತವೆ. ಒಳಗೆ ಹೋಗುವುದು ಕೊಬ್ಬು ಮಾತ್ರ. ಪಿತ್ತಲವಣ ಹೊರಗೇ ಉಳಿದು, ಸಣ್ಣ ಕರುಳಿನ ಕೊನೆಯಲ್ಲಿ ಸುಮಾರು ಶೇ. 95ರಷ್ಟು ಹೀರಲ್ಪಟ್ಟು ಯಕೃತ್ತಿಗೆ ಮರಳುತ್ತದೆ.

ಅಚ್ಚರಿಯ ಸಂಗತಿ ಮುಂದಿದೆ. ಕತ್ತರಿಸಿದ ತುಂಡುಗಳನ್ನು ಕರುಳಿನ ಜೀವಕೋಶ ಮತ್ತೆ ಜೋಡಿಸಿ, ಪ್ರೋಟೀನಿನ ಹೊದಿಕೆ ಹಾಕಿ ಕೈಲೋಮೈಕ್ರಾನ್ ಎಂಬ ಕಣ ಮಾಡುತ್ತದೆ. ರಕ್ತದ ಲೋಮನಾಳದೊಳಗೆ ನುಸುಳಲಾರದಷ್ಟು ದೊಡ್ಡದಾದ ಈ ಕಣ ದುಗ್ಧನಾಳ ಹಿಡಿದು, ಎದೆಯ ಮೂಲಕ ಏರಿ, ಕತ್ತಿನ ಎಡಬುಡದಲ್ಲಿ ರಕ್ತ ಸೇರುತ್ತದೆ. ಜಿಡ್ಡಿನ ಊಟವಾದ ಮೂರ್ನಾಲ್ಕು ಗಂಟೆಗೆ ತೆಗೆದ ರಕ್ತದ ಸೀರಮ್ ಮಬ್ಬಾಗಿ ಕಾಣಲು ಇದೇ ಕಾರಣ.

ಕಲ್ಲು ಸಿಕ್ಕಿ ಪಿತ್ತನಾಳ ಮುಚ್ಚಿದರೆ ಮೈಸೆಲ್ ಆಗದು. ಮಲ ಬಿಳಿಚಿ, ಜಿಡ್ಡಾಗಿ ತೇಲುತ್ತದೆ. ಕೊಬ್ಬಿನೊಂದಿಗೆ ಸಾಗುವ ಕೆ ಜೀವಸತ್ವವೂ ಸಿಗದೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಜೊತೆಗೆ ಕಣ್ಣು ಹಳದಿಯಾದರೆ ತಡಮಾಡದೆ ವೈದ್ಯರನ್ನು ಕಾಣಿ.