ಮೂಲೆಯ ಕಂಬದ ಲೆಕ್ಕ

ಕಟ್ಟಡದ ಮೂಲೆಯ ಕಾಂಕ್ರೀಟ್ ಕಂಬಕ್ಕೆ ಎರಡು ಕಡೆಯಿಂದ ಬೀಮುಗಳು ಬಂದು ಸೇರುತ್ತವೆ. ಅದು ಭಾರ ಹೊರುತ್ತಲೇ ಎರಡೂ ದಿಕ್ಕಿಗೆ ಬಾಗುತ್ತದೆ. ಇದರ ನಿಖರ ಲೆಕ್ಕ ಕೈಯಲ್ಲಿ ಮಾಡುವುದು ತಲೆನೋವಿನ ಕೆಲಸ. 1960ರಲ್ಲಿ ಬೋರಿಸ್ ಬ್ರೆಸ್ಲರ್ ಸುಲಭದ ದಾರಿಯೊಂದನ್ನು ತೋರಿಸಿದರು:

1/P = 1/Px + 1/Py − 1/P0

ಭಾರ ಸರಿಯಾಗಿ ನಡುವೆ ಕೂತರೆ ಕಂಬ 3000 ಕಿಲೋನ್ಯೂಟನ್ ತಾಳುತ್ತದೆ ಎನ್ನೋಣ, ಅದು P0. ಭಾರ ಒಂದು ದಿಕ್ಕಿಗಷ್ಟೇ ಸರಿದರೆ 2000, ಇನ್ನೊಂದಕ್ಕಷ್ಟೇ ಸರಿದರೆ 1500. ಇವು Px, Py. ನೇರ ಭಾರದ ಪಾಲು ಈ ಎರಡರಲ್ಲೂ ಸೇರಿರುವುದರಿಂದ ಒಮ್ಮೆ ಕಳೆಯುತ್ತೇವೆ. ಉತ್ತರ 1200. ಚಿಕ್ಕದು ತಾನೇ ಎಂದು 1500ನ್ನೇ ನಂಬಿದವರು ಕಂಬದ ಬಲವನ್ನು ಕಾಲುಭಾಗ ಹೆಚ್ಚಿಗೆ ಎಣಿಸಿದಂತಾಯಿತು!

ಭಾರ ತೀರಾ ಕಡಿಮೆಯಿದ್ದು ಬಾಗುವಿಕೆಯೇ ಮೇಲುಗೈಯಾದ ಕಂಬಗಳಿಗೆ ಮಾತ್ರ ಈ ಸೂತ್ರವನ್ನು ನೆಚ್ಚುವಂತಿಲ್ಲ.