ಅಯೋಡಿನ್ ಕಾಯುವುದು ಯಾರಿಗಾಗಿ?

ಉಗುರುಬಣ್ಣ ಅಳಿಸುವ ಅಸಿಟೋನ್ ದ್ರವವನ್ನು ನೀರಿಗೆ ಬೆರೆಸಿ, ಸ್ವಲ್ಪ ಆಮ್ಲ ಸೇರಿಸಿ, ಮೇಲೆ ಕಂದು ಬಣ್ಣದ ಅಯೋಡಿನ್ ದ್ರಾವಣ ಹಾಕಿದರೆ ಬಣ್ಣ ನಿಧಾನವಾಗಿ ಮಾಸುತ್ತದೆ. ಅಯೋಡಿನ್ ಹೋಗಿ ಅಸಿಟೋನಿನ ಇಂಗಾಲಕ್ಕೆ ಅಂಟಿಕೊಳ್ಳುವುದೇ ಇದಕ್ಕೆ ಕಾರಣ. ಬಿಎಸ್ಸಿ ಪ್ರಯೋಗಾಲಯಗಳಲ್ಲಿ ವಿದ್ಯಾರ್ಥಿಗಳು ಈ ಮಿಶ್ರಣದಿಂದ ಆಗಾಗ ಒಂದಿಷ್ಟನ್ನು ತೆಗೆದು, ಸೋಡಿಯಂ ಬೈಕಾರ್ಬೊನೇಟಿಗೆ ಸುರಿದು ಕ್ರಿಯೆಯನ್ನು ನಿಲ್ಲಿಸಿ, ಎಷ್ಟು ಅಯೋಡಿನ್ ಉಳಿದಿದೆ ಎಂದು ಅಳೆಯುತ್ತಾರೆ. ಅಸಿಟೋನ್ ಮತ್ತು ಆಮ್ಲ ಧಾರಾಳವಾಗಿದ್ದರೆ ಗ್ರಾಫಿನಲ್ಲಿ ಮೂಡುವುದು ನೇರ ಗೆರೆ.

ಆ ನೇರ ಗೆರೆಯಲ್ಲೇ ಒಗಟು ಇದೆ. ಅಸಿಟೋನನ್ನು ಇಮ್ಮಡಿ ಮಾಡಿದರೆ ವೇಗವೂ ಇಮ್ಮಡಿಯಾಗುತ್ತದೆ. ಆಮ್ಲವನ್ನು ಇಮ್ಮಡಿ ಮಾಡಿದರೂ ಅಷ್ಟೇ. ಆದರೆ ಅಯೋಡಿನನ್ನು ಎಷ್ಟೇ ಹೆಚ್ಚಿಸಿದರೂ ವೇಗ ಕದಲುವುದಿಲ್ಲ. ಕ್ರಿಯೆಯಲ್ಲಿ ಖರ್ಚಾಗುವ ವಸ್ತುವಿಗೇ ಅದರ ವೇಗದ ಮೇಲೆ ಹಿಡಿತವಿಲ್ಲ!

ಬ್ರಿಟನ್ನಿನ ರಸಾಯನವಿಜ್ಞಾನಿ ಆರ್ಥರ್ ಲ್ಯಾಪ್‌ವರ್ತ್ 1904ರಲ್ಲಿ ಬ್ರೋಮಿನ್ ಬಳಸಿ ಇದನ್ನೇ ಕಂಡರು. ಅವರು ಕೊಟ್ಟ ಉತ್ತರ ಸರಳವಾಗಿತ್ತು: ಬ್ರೋಮಿನ್ ಅಸಿಟೋನಿನ ಮೇಲೆ ನೇರವಾಗಿ ಎರಗುವುದಿಲ್ಲ. ಅಸಿಟೋನ್ ಮೊದಲು ನಿಧಾನವಾಗಿ ಬೇರೊಂದು ರೂಪ ತಾಳುತ್ತದೆ; ಆ ರೂಪ ಹುಟ್ಟಿದ ಕೂಡಲೇ ಬ್ರೋಮಿನ್ ಅದನ್ನು ಹಿಡಿದುಕೊಳ್ಳುತ್ತದೆ. ಕಲ್ಯಾಣಮಂಟಪದ ಕಿರುಬಾಗಿಲಿನಿಂದ ಜನ ಒಬ್ಬೊಬ್ಬರಾಗಿ ಹೊರಬರುತ್ತಿದ್ದರೆ, ಹೊರಗೆ ಹತ್ತು ಆಟೊ ನಿಂತರೂ ನೂರು ನಿಂತರೂ ಜನ ಮನೆಗೆ ಹೋಗುವ ವೇಗ ಒಂದೇ ಅಲ್ಲವೇ?

ಆ ಬೇರೆ ರೂಪದ ಹೆಸರು ಈನಾಲ್. ಅಸಿಟೋನಿನಲ್ಲಿ ಮೂರು ಇಂಗಾಲಗಳು ಸಾಲಾಗಿವೆ. ನಡುವಿನ ಇಂಗಾಲಕ್ಕೆ ಆಮ್ಲಜನಕವೊಂದು ದ್ವಿಬಂಧದಿಂದ ಸೇರಿಕೊಂಡಿದೆ. ಈ ಜೋಡಿಯೇ ಕಾರ್ಬೊನಿಲ್ ಗುಂಪು. ಇದು ಕೀಟೊ ರೂಪ. ಪಕ್ಕದ ಇಂಗಾಲದಿಂದ ಒಂದು ಹೈಡ್ರೋಜನ್ ಕಳಚಿ ಆಮ್ಲಜನಕವನ್ನು ಸೇರಿ, ದ್ವಿಬಂಧ ಎರಡು ಇಂಗಾಲಗಳ ನಡುವೆ ಸರಿದರೆ ಅದೇ ಈನಾಲ್. ಪರಮಾಣುಗಳು ಅವೇ, ಜೋಡಣೆ ಮಾತ್ರ ಬೇರೆ. ಎರಡೂ ರೂಪಗಳು ಸದಾ ಒಂದಕ್ಕೊಂದು ಬದಲಾಗುತ್ತಲೇ ಇರುತ್ತವೆ. ಇದನ್ನೇ ಟಾಟೊಮರಿಸಂ ಎನ್ನುತ್ತಾರೆ. ನೀರಿನಲ್ಲಿರುವ ಅಸಿಟೋನಿನ ಸುಮಾರು 20 ಕೋಟಿ ಅಣುಗಳಲ್ಲಿ ಈನಾಲ್ ರೂಪದಲ್ಲಿರುವುದು ಒಂದೇ ಒಂದು. ಅಯೋಡಿನ್ ಅದನ್ನು ಕಬಳಿಸಿದಂತೆಲ್ಲ ಇನ್ನೊಂದು ಹುಟ್ಟುತ್ತದೆ.

ಇಂಗಾಲಕ್ಕೆ ಅಂಟಿದ ಹೈಡ್ರೋಜನ್ ಸಾಮಾನ್ಯವಾಗಿ ಜಪ್ಪಯ್ಯ ಅಂದರೂ ಕದಲುವುದಿಲ್ಲ. ಇಲ್ಲಿ ಮಾತ್ರ ಅದು ಹೇಗೆ ಕಳಚುತ್ತದೆ? ಪ್ರತ್ಯಾಮ್ಲವೊಂದು ಹೈಡ್ರೋಜನನ್ನು ಪ್ರೋಟಾನಾಗಿ ಕಿತ್ತುಕೊಂಡಾಗ, ಬಂಧದಲ್ಲಿದ್ದ ಎರಡು ಎಲೆಕ್ಟ್ರಾನುಗಳು ಇಂಗಾಲದ ಮೇಲೇ ಉಳಿಯುತ್ತವೆ. ಋಣ ವಿದ್ಯುದಂಶವನ್ನು ಹೊರುವುದು ಇಂಗಾಲಕ್ಕೆ ಬಲು ಕಷ್ಟ. ಈಥೇನಿನಲ್ಲಿ ಆ ಹೊರೆಯನ್ನು ಹಂಚಿಕೊಳ್ಳಲು ಯಾರೂ ಇಲ್ಲ. ಅಸಿಟೋನಿನಲ್ಲಾದರೆ ಪಕ್ಕದಲ್ಲೇ ಕಾರ್ಬೊನಿಲ್ ಇದೆ. ಎಲೆಕ್ಟ್ರಾನುಗಳು ಅದರ ಮೂಲಕ ಹರಡಿ, ಅವನ್ನು ತನ್ನತ್ತ ಎಳೆಯುವ ಆಮ್ಲಜನಕದವರೆಗೂ ತಲುಪುತ್ತವೆ. ಹೊರೆ ಹಗುರಾದಷ್ಟೂ ಪ್ರೋಟಾನ್ ಬಿಡುವುದು ಸುಲಭ. ಆಮ್ಲೀಯತೆಯನ್ನು ಅಳೆಯುವ ಪಿಕೆಎ ಅಂಕ ಕಡಿಮೆಯಾದಷ್ಟೂ ಆಮ್ಲ ಪ್ರಬಲ. ಈಥೇನಿಗೆ ಅದು ಸುಮಾರು 50, ಅಸಿಟೋನಿಗೆ ಸುಮಾರು 19. ಒಂದೊಂದು ಅಂಕಕ್ಕೂ ಹತ್ತುಪಟ್ಟು ವ್ಯತ್ಯಾಸ. ಹಾಗೆಂದು ಅಸಿಟೋನನ್ನು ಆಮ್ಲಗಳ ಸಾಲಿನಲ್ಲಿ ಕೂರಿಸುವಂತಿಲ್ಲ. ಪ್ರೋಟಾನ್ ಬಿಟ್ಟುಕೊಡುವುದರಲ್ಲಿ ಅದು ನೀರಿಗಿಂತಲೂ ಹಿಂದೆ. ಪ್ರಯೋಗದಲ್ಲಿ ಬಳಸುವ ಆಮ್ಲ ಇದೇ ಕೆಲಸವನ್ನು ಇನ್ನೊಂದು ಬದಿಯಿಂದ ಮಾಡುತ್ತದೆ. ಅದು ಮೊದಲೇ ಆಮ್ಲಜನಕಕ್ಕೆ ಪ್ರೋಟಾನ್ ಕೊಟ್ಟು ಅದರ ಸೆಳೆತವನ್ನು ಹೆಚ್ಚಿಸುತ್ತದೆ. ಆಗ ಪಕ್ಕದ ಹೈಡ್ರೋಜನನ್ನು ಎಳೆದುಕೊಳ್ಳಲು ನೀರೇ ಸಾಕು.

ಹತ್ತಿರವಿದ್ದ ಮಾತ್ರಕ್ಕೆ ಎಲ್ಲ ಹೈಡ್ರೋಜನಿಗೂ ಈ ಸೌಲಭ್ಯವಿಲ್ಲ. ಆಲ್ಡಿಹೈಡಿನಲ್ಲಿ ಕಾರ್ಬೊನಿಲ್ ಇಂಗಾಲಕ್ಕೇ ಒಂದು ಹೈಡ್ರೋಜನ್ ಅಂಟಿರುತ್ತದೆ, ಆದರೂ ಅದು ಆಮ್ಲೀಯವಲ್ಲ. ಆ ಬಂಧ ಕಾರ್ಬೊನಿಲ್‌ನ ಸಮತಲದಲ್ಲೇ ಮಲಗಿದೆ, ಎಲೆಕ್ಟ್ರಾನ್ ಹರಡಬೇಕಾದ ಜಾಗವಾದರೋ ಆ ಸಮತಲದ ಮೇಲೆ ಮತ್ತು ಕೆಳಗೆ. ಪಕ್ಕದ ಇಂಗಾಲದ ಬಂಧ ತಿರುಗಿ ಆ ದಿಕ್ಕಿಗೆ ನಿಲ್ಲಬಲ್ಲದು, ಇದು ನಿಲ್ಲಲಾರದು.

ಒಂದು ಇಂಗಾಲದ ಎರಡು ಬದಿಗೂ ಕಾರ್ಬೊನಿಲ್ ಇದ್ದರೆ ಲೆಕ್ಕವೇ ತಲೆಕೆಳಗಾಗುತ್ತದೆ. ಅಂಥ ಅಸಿಟೈಲ್ ಅಸಿಟೋನಿನ ಪಿಕೆಎ ಸುಮಾರು 9. ಬೇರೇನೂ ಬೆರೆಸದ ಆ ದ್ರವದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಅಣುಗಳು ಈನಾಲ್ ರೂಪದಲ್ಲೇ ಇರುತ್ತವೆ, ಏಕೆಂದರೆ ಈನಾಲ್‌ನ ಹೈಡ್ರೋಜನನ್ನು ಎದುರಿನ ಆಮ್ಲಜನಕವೂ ಹಿಡಿದುಕೊಳ್ಳುತ್ತದೆ. ನೀರು ಬೆರೆಸಿದರೆ ಈ ಹಿಡಿತ ಸಡಿಲವಾಗಿ ಕೀಟೊ ರೂಪವೇ ಮೇಲುಗೈ ಪಡೆಯುತ್ತದೆ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಇದೇ ಬಗೆಯ ಅಣು. ಅದರ ಹರಳುಗಳಲ್ಲಿ ಇರುವುದು ಈನಾಲ್ ರೂಪ.